ರಟ್ಟಿನ ಹೊರಗೆ ಬಿದ್ದ ಬಿಂದು

ಚಿಂತಾಕಿಯಲ್ಲಿ ಬೋಧನಾಭ್ಯಾಸದ ಎರಡನೇ ವಾರ, ಒಂಬತ್ತನೇ ತರಗತಿಯ ‘ಬಲ ಹಾಗೂ ಚಲನೆಯ ನಿಯಮಗಳು’ ಪಾಠಕ್ಕೆ ಪೂರಕವಾಗಿ ದ್ರವ್ಯರಾಶಿ ಕೇಂದ್ರವನ್ನು ಎತ್ತಿಕೊಂಡೆ. ದಪ್ಪ ರಟ್ಟಿನಲ್ಲಿ ‘ಎಲ್’ ಆಕಾರ ಕತ್ತರಿಸಿದ್ದೆ. ನಿಂತ ಪಟ್ಟಿ 30 ಸೆಂ.ಮೀ. ಎತ್ತರ, 10 ಸೆಂ.ಮೀ. ಅಗಲ. ಅದರ ಬುಡದಲ್ಲಿ ಬಲಕ್ಕೆ ಚಾಚಿದ ಪಟ್ಟಿ 20 ಸೆಂ.ಮೀ. ಉದ್ದ, 10 ಸೆಂ.ಮೀ. ಎತ್ತರ. ಎಡಗಡೆಯ ಕೆಳಮೂಲೆಯಿಂದ ಅಳೆದರೆ ಮೊದಲನೆಯದರ ನಡುಬಿಂದು (5, 15), ಎರಡನೆಯದರದು (20, 5).

ಮಕ್ಕಳು ಎರಡನ್ನೂ ಕೂಡಿಸಿ ಅರ್ಧ ಮಾಡಿ (12.5, 10) ಎಂದರು. ತಪ್ಪು ನನ್ನದೇ. ಹಿಂದಿನ ದಿನ ಎರಡು ಸಮ ಚೌಕಗಳ ಉದಾಹರಣೆಯನ್ನಷ್ಟೇ ಕೊಟ್ಟಿದ್ದೆ. ಅಲ್ಲಿ ಬರೀ ಸರಾಸರಿ ಸಾಕಾಗುತ್ತದೆ. ಇಲ್ಲಿ ದೊಡ್ಡ ಪಟ್ಟಿ ಬಿಂದುವನ್ನು ತನ್ನ ಕಡೆ ಹೆಚ್ಚು ಎಳೆಯಬೇಕು. ರಟ್ಟಿನ ದಪ್ಪ ಎಲ್ಲ ಕಡೆ ಒಂದೇ ಆದ್ದರಿಂದ ದ್ರವ್ಯರಾಶಿಯ ಬದಲು ವಿಸ್ತೀರ್ಣವನ್ನೇ ಹಿಡಿದೆವು:

x = (300×5 + 200×20) ÷ 500 = 11
y = (300×15 + 200×5) ÷ 500 = 11

ಒಳಮೂಲೆ ಇರುವುದು (10, 10)ರಲ್ಲಿ. ಹಿಂದಿನ ಬೆಂಚಿನ ಹುಡುಗಿ ಎದ್ದು, “ಸರ್, ಅಲ್ಲಿ ರಟ್ಟೇ ಇಲ್ಲಲ್ರೀ!” ಎಂದಳು. ನನ್ನ ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ಒಳಮೂಲೆಗೆ ತೆಳು ಕಾಗದ ಅಂಟಿಸಿ, ರಟ್ಟಿನ ಎರಡು ತುದಿಗಳಲ್ಲಿ ತೂತು ಮಾಡಿ, ಒಂದೊಂದರಿಂದಲೂ ಮೊಳೆಗೆ ತೂಗುಹಾಕಿದೆವು. ಕಲ್ಲು ಕಟ್ಟಿದ ದಾರವನ್ನು ಅದೇ ಮೊಳೆಯಿಂದ ಇಳಿಬಿಟ್ಟು ಗೆರೆ ಎಳೆದಾಗ ಗೆರೆಗಳು ಕೂಡಿದ್ದು ಆ ಕಾಗದದ ಮೇಲೆಯೇ. ಮೊಳೆಗೆ ತೂತು ಬಿಗಿಯಾದರೆ ರಟ್ಟು ಓರೆಯಾಗಿ ನಿಂತುಬಿಡುತ್ತದೆ. ಮೆಲ್ಲಗೆ ತೂಗಿಬಿಟ್ಟು ಮತ್ತೆ ಅಲ್ಲಿಗೇ ಬರುತ್ತದೆಯೇ ಎಂದು ನೋಡಬೇಕು.

ಮರುದಿನ ಆಂತರಿಕ ಬಲ. ಸಾಲಾಗಿ ಇಟ್ಟ ದುಂಡು ಪೆನ್ಸಿಲುಗಳ ಮೇಲೆ 600 ಗ್ರಾಂ ಹಲಗೆ, ಅದರ ಮೇಲೆ ಕೀಲಿ ಕೊಟ್ಟು ಓಡಿಸುವ 200 ಗ್ರಾಂ ಆಟಿಕೆ ಕಾರು. ಕಾರು ಹಲಗೆಯ ಮೇಲೆ 40 ಸೆಂ.ಮೀ. ಓಡಿ ತಡೆಗೆ ತಾಗಿ ನಿಲ್ಲುತ್ತದೆ. ಕಾರು ಹಲಗೆಯನ್ನು ಹಿಂದಕ್ಕೆ, ಹಲಗೆ ಕಾರನ್ನು ಮುಂದಕ್ಕೆ ತಳ್ಳುವುದು ಅವೆರಡರ ನಡುವಿನ ವ್ಯವಹಾರ. ಹೊರಗಿನ ಬಲ ಇಲ್ಲದಿದ್ದರೆ ಇಬ್ಬರ ದ್ರವ್ಯರಾಶಿ ಕೇಂದ್ರ ಇದ್ದಲ್ಲೇ ಇರಬೇಕು. ಹಾಗಾದರೆ ಹಲಗೆ 200×40÷800 = 10 ಸೆಂ.ಮೀ. ಹಿಂದಕ್ಕೆ, ಕಾರು ನೆಲದ ಲೆಕ್ಕದಲ್ಲಿ 30 ಸೆಂ.ಮೀ. ಮುಂದಕ್ಕೆ.

ಹಲಗೆ ಸರಿದದ್ದು 8 ಮಾತ್ರ. ಅಂದರೆ ಕಾರು 32 ಮುಂದೆ ಹೋಗಿದೆ. ಲೆಕ್ಕ ಹಾಕಿದರೆ ಕೇಂದ್ರ 2 ಸೆಂ.ಮೀ. ಮುಂದೆ ಬಂದಿದೆ. ‘ಪ್ರಯೋಗದೋಷ’ ಎಂದು ಹೇಳಿ ಮುಗಿಸಲು ನಾನು ಸಿದ್ಧನಿದ್ದೆ. ಅದೇ ಹುಡುಗಿ, “ಮುಂದಕ್ಕ ಯಾರು ನೂಕಿದ್ರು ಸರ್?” ಎಂದಳು. ಹಿಂದೆ ಸರಿಯುವ ಹಲಗೆಯನ್ನು ಮುಂದಕ್ಕೆ ತಡೆಯುವ ಬಲ ಒಂದೇ, ಕೆಳಗಿನ ಘರ್ಷಣೆ. ಪೆನ್ಸಿಲುಗಳು ಮೇಜಿನ ಬಟ್ಟೆಯಲ್ಲಿ ಹುದುಗಿದ್ದವು. ಬಟ್ಟೆ ತೆಗೆದು ಮತ್ತೆ ಓಡಿಸಿದೆವು. ಒಂಬತ್ತೂವರೆ.