ಸೀಟಿ ಬಾರದ ಕುಕ್ಕರ್

ನಮ್ಮ ಸೀಮೆಯ ಅಡುಗೆಮನೆಗಳಲ್ಲಿ ಗಡಿಯಾರದ ಲೆಕ್ಕಕ್ಕಿಂತ ಸೀಟಿಯ ಲೆಕ್ಕವೇ ಹೆಚ್ಚು. ಅನ್ನಕ್ಕೆ ಎರಡು, ತೊಗರಿಬೇಳೆಗೆ ನಾಲ್ಕು, ಕಡಲೆಕಾಳಿಗೆ ಏಳೆಂಟು. ಬೆಳಿಗ್ಗೆಯೇ ಕೂಲಿಗೆ ಹೊರಡುವ ಅವ್ವ ಸ್ಟವ್ ಮೇಲೆ ಕುಕ್ಕರ್ ಇಟ್ಟು, 'ನಾಕು ಸೀಟಿ ಆದ ಮ್ಯಾಲೆ ಆರಿಸು' ಎಂದು ಮಗಳಿಗೆ ಹೇಳಿ ಹೋಗುತ್ತಾಳೆ. ಸೀಟಿಯೇ ಬಾರದಿದ್ದರೆ ಏನು ಮಾಡಬೇಕು ಎನ್ನುವುದನ್ನು ಮಾತ್ರ ಯಾರೂ ಹೇಳಿರುವುದಿಲ್ಲ.

ಕೊಟ್ಟೂರಿನ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಮಕ್ಕಳು ಅಡುಗೆ ಕ್ಲಬ್ ಮಾಡಿಕೊಂಡಿದ್ದಾರೆ. ನಾನು ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳುವವಳು. ಮಿಕ್ಸಿ, ಗ್ಯಾಸ್, ಕುಕ್ಕರ್ ಎಲ್ಲದರ ಸುರಕ್ಷತೆಯ ಬಗ್ಗೆ ಅರ್ಧ ಗಂಟೆ ಮಾತಾಡಿ ಎಂದು ಅಲ್ಲಿಯ ಶಿಕ್ಷಕಿ ಕೇಳಿದರು. ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಹೇಳಹೊರಟರೆ ಯಾವುದೂ ನೆನಪಿರುವುದಿಲ್ಲ ಎಂದು ನಾನು ಮೂರು ಲೀಟರಿನ ಒಂದು ಕುಕ್ಕರನ್ನಷ್ಟೇ ಚೀಲದಲ್ಲಿ ಹಾಕಿಕೊಂಡು ಹೋದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯ ಹಳ್ಳಿಗಳಿಂದ ಬರುವ ಮಕ್ಕಳೂ ಇದ್ದರು. ಕುಕ್ಕರ್ ಇಡುವವರು ಯಾರು ಎಂದು ಕೇಳಿದಾಗ ಹೆಚ್ಚುಕಡಿಮೆ ಎಲ್ಲರ ಕೈಗಳೂ ಮೇಲೆದ್ದವು.

ಮೊದಲು ಮುಚ್ಚಳವನ್ನು ಅಳೆಯಲು ಹೇಳಿದೆ. ಅಡ್ಡಳತೆ ಸುಮಾರು 16 ಸೆಂಟಿಮೀಟರ್ ಬಂತು. ಅಂದರೆ ವಿಸ್ತೀರ್ಣ ಸುಮಾರು 200 ಚದರ ಸೆಂಟಿಮೀಟರ್. ಕುಕ್ಕರ್ ಸೀಟಿ ಹೊಡೆಯುವ ಹೊತ್ತಿಗೆ ಒಳಗಿನ ಆವಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿಯಷ್ಟು ಹೆಚ್ಚಿಗೆ ಒತ್ತುತ್ತಿರುತ್ತದೆ. ಒಟ್ಟು 200 ಕೆಜಿ. 'ಎರಡು ಚೀಲ ಮೆಕ್ಕೆಜೋಳ' ಎಂದ ಹಿಂದಿನ ಸಾಲಿನ ಹುಡುಗ. ಲೆಕ್ಕ ಸರಿಯಾಗಿತ್ತು. ಒಂದೊಂದು ಕ್ವಿಂಟಲಿನ ಎರಡು ಚೀಲಗಳಷ್ಟು ಭಾರ ಆ ಮುಚ್ಚಳವನ್ನು ಒಳಗಿನಿಂದ ಮೇಲಕ್ಕೆ ನೂಕುತ್ತಿರುತ್ತದೆ.

ಅಷ್ಟು ಬಲವನ್ನು ತಡೆದು ನಿಲ್ಲಿಸಿರುವ ವೆಯ್ಟ್ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು. ಅದು ಮುಚ್ಚಳವನ್ನು ಹಿಡಿದಿಡುವುದಿಲ್ಲ, ಒಂದು ಸಣ್ಣ ತೂತನ್ನು ಮುಚ್ಚಿಕೊಂಡು ಕೂತಿರುತ್ತದೆ, ಅಷ್ಟೆ. ತೂತಿನ ಅಡ್ಡಳತೆ 3 ಮಿಲಿಮೀಟರ್ ಎಂದುಕೊಂಡರೆ, ಅಲ್ಲಿ ಆವಿ ಎತ್ತಬಹುದಾದ ಭಾರ ಬರೀ 70 ಗ್ರಾಂ. ಒತ್ತಡ ಆ ಮಿತಿ ದಾಟಿದ ಕೂಡಲೇ ವೆಯ್ಟ್ ಏಳುತ್ತದೆ, ಆವಿ ಹೊರಗೆ ಹೋಗುತ್ತದೆ, ವೆಯ್ಟ್ ಮತ್ತೆ ಕೂರುತ್ತದೆ. ಆ ಏಳು-ಕೂರುವಿಕೆಯ ಸದ್ದೇ ಸೀಟಿ. ನಮಗದು ಬೇಳೆ ಬೆಂದ ಲೆಕ್ಕ, ಕುಕ್ಕರಿಗೆ ಅದು ಉಸಿರು. ಬೇರೆ ಕಂಪನಿಯ ವೆಯ್ಟ್ ಹಾಕಬಾರದು, ಅದರ ಮೇಲೆ ಏನನ್ನೂ ಹೇರಬಾರದು ಎನ್ನುವುದು ಇದಕ್ಕೇ. ಅಷ್ಟು ಸಣ್ಣ ತೂತಿನ ಮೇಲೆ ಐವತ್ತು ಗ್ರಾಂ ಹೆಚ್ಚಾದರೂ ಒಳಗಿನ ಒತ್ತಡ ಬಹಳ ಏರುತ್ತದೆ.

ಇಷ್ಟು ಹೇಳುವಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. 'ಮೇಡಂ, ನಮ್ಮನ್ಯಾಗಿನ ಕುಕ್ಕರಿಗೆ ಸೇಫ್ಟಿ ವಾಲ್ವ್ ಇಲ್ರಿ. ಹೋದ ಸಲ ಹಾರಿತ್ರಿ. ಅಲ್ಲಿ ಬೋಲ್ಟ್ ಹಾಕ್ಸ್ಯಾರ್ರಿ.'

ಅಲ್ಲಿಂದ ಮುಂದೆ ನನ್ನ ಭಾಷಣ ಅವಳ ಕುಕ್ಕರಿನ ವಿಚಾರಣೆಯಾಯಿತು. ಏನು ಬೇಯುತ್ತಿತ್ತು? ತೊಗರಿಬೇಳೆ. ಎಷ್ಟಿತ್ತು? ನೆಂಟರು ಬಂದಿದ್ದರು, ಬೇಳೆ ನೀರು ಸೇರಿ ಕುತ್ತಿಗೆವರೆಗೂ ಇತ್ತು. ಸೀಟಿ ಬಂದಿತ್ತಾ? ಇಲ್ಲ. ಪಕ್ಕದಿಂದ ಆವಿ ಬರುತ್ತಿತ್ತಾ? ಅದೂ ಇಲ್ಲ. ಸೀಟಿ ಬರಲಿ ಎಂದು ಉರಿ ಜೋರು ಮಾಡಿದ್ದಳು. ವಾಲ್ವ್ ಹಾರಿದ ಮೇಲೆ ತಳ ಹತ್ತಿತ್ತಾ? ಇಲ್ಲ, ಬೇಳೆಯೆಲ್ಲ ಜಂತಿಗೆ ಸಿಡಿದಿತ್ತು.

ಸೇಫ್ಟಿ ವಾಲ್ವಿನ ನಡುವೆ ಬೇಗ ಕರಗುವ ಮಿಶ್ರಲೋಹದ ಬಿರಡೆ ಇರುತ್ತದೆ. ಶಾಖ ಮಿತಿಮೀರಿದರೆ ಅದು ಕರಗಿ ಆವಿಗೆ ದಾರಿ ಬಿಡುತ್ತದೆ. ಶಾಖ ಮೀರುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಒಂದು, ನೀರು ಆರಿಹೋಗಿ ಕುಕ್ಕರ್ ಒಣಗಿ ಕಾಯುವುದು. ಆಗ ತಳ ಕರಕಲಾಗಿರುತ್ತದೆ. ಇನ್ನೊಂದು, ಆವಿಯ ಕೊಳವೆ ಕಟ್ಟಿಕೊಂಡು ಒತ್ತಡವೂ ಅದರೊಂದಿಗೆ ಶಾಖವೂ ಏರುವುದು. ಆಗ ಒಳಗೆ ನೀರು ಇದ್ದೇ ಇರುತ್ತದೆ. ಜಂತಿಗೆ ಸಿಡಿದ ಬೇಳೆ ಎರಡನೆಯ ಕಾರಣವನ್ನು ಹೇಳುತ್ತಿತ್ತು. ಬೇಳೆ ನೊರೆಯೇಳುವ ಪದಾರ್ಥ. ಕುಕ್ಕರಿನಲ್ಲಿ ಜಾಗವಿಲ್ಲದಾಗ ನೊರೆ ಸಿಪ್ಪೆಯನ್ನೂ ಹೊತ್ತು ಕೊಳವೆಗೆ ನುಗ್ಗುತ್ತದೆ. ಅದರ ಜೊತೆಗೆ ಬೋರಿನ ಗಡಸು ನೀರು ಬಳಸಿದ ಪಾತ್ರೆಗಳಲ್ಲಿ ಕೂರುವ ಬಿಳಿ ಪದರವೂ ಕೊಳವೆಯನ್ನು ಕಿರಿದು ಮಾಡುತ್ತದೆ.

ಮನೆಯಲ್ಲಿ ವಾಲ್ವ್ ಕೆಟ್ಟದ್ದು ಎಂದು ತೀರ್ಮಾನಿಸಿದ್ದರು. ಆದರೆ ಆ ದಿನ ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದು ಅದೊಂದೇ. ಕಟ್ಟಿಕೊಂಡಿದ್ದ ಕೊಳವೆ ಹಾಗೇ ಉಳಿಯಿತು, ಉಳಿಸಿದ ವಾಲ್ವಿನ ಜಾಗಕ್ಕೆ ಬೋಲ್ಟ್ ಬಂತು. ಮುಂದಿನ ಸಲ ಕೊಳವೆ ಕಟ್ಟಿದರೆ ಬೋಲ್ಟ್ ಕರಗುವುದಿಲ್ಲ.

1679ರಲ್ಲಿ ಲಂಡನ್ನಿನಲ್ಲಿ ಆವಿಯ ಪಾತ್ರೆ ಮಾಡಿ ತೋರಿಸಿದ ಡೆನಿಸ್ ಪಾಪಿನ್‌ಗೂ ಈ ಕಷ್ಟವೇ ಎದುರಾಗಿತ್ತು. ತೂಕ ಹೇರಿದ ಸನ್ನೆಯ ವಾಲ್ವನ್ನು ಅವನು ಜೋಡಿಸಿದ್ದು ಪಾತ್ರೆ ಸಿಡಿಯದಿರಲಿ ಎಂದೇ. ಕುಕ್ಕರ್ ಎಂದರೆ ಬಿಗಿಯಾದ ಮುಚ್ಚಳವಲ್ಲ, ಬಿಗಿಯಾದ ಮುಚ್ಚಳದಲ್ಲಿ ಬಿಟ್ಟುಕೊಂಡ ದಾರಿ.

ಆಮೇಲೆ ಮಕ್ಕಳಿಂದಲೇ ಮಾಡಿಸಿದೆ. ಒಬ್ಬೊಬ್ಬರೂ ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದು ಕೊಳವೆಯೊಳಗೆ ಕಣ್ಣಿಟ್ಟರು. ದುಂಡನೆಯ ಬೆಳಕಿನ ಚುಕ್ಕೆ ಕಂಡರೆ ದಾರಿ ತೆರೆದಿದೆ. ಮಸುಕಾಗಿದ್ದರೆ ತೆಳ್ಳನೆಯ ತಂತಿಯಿಂದ ಚುಚ್ಚಿ, ನಲ್ಲಿಯ ನೀರು ಹಾಯಿಸಿ, ಮತ್ತೆ ನೋಡಬೇಕು. ಬೇಳೆ, ಅಕ್ಕಿಯಂಥವು ನೀರೂ ಸೇರಿ ಅರ್ಧ ಕುಕ್ಕರ್ ಮೀರಬಾರದು. ಬೇಳೆಗೆ ಒಂದು ಚಮಚ ಎಣ್ಣೆ ಹಾಕಿದರೆ ನೊರೆ ತಗ್ಗುತ್ತದೆ. ಮುಚ್ಚಳ ಹಾಕಿದ ತಕ್ಷಣ ವೆಯ್ಟ್ ಇಡದೆ, ಕೊಳವೆಯಿಂದ ಆವಿ ಒಂದೇ ಸಮನೆ ಬರುವುದನ್ನು ನೋಡಿ ಇಡಬೇಕು. ಆವಿಯೇ ಬಾರದಿದ್ದರೆ ಇಡಲೇಬಾರದು.

ವೆಯ್ಟ್ ಇಟ್ಟ ಮೇಲೂ ಸೀಟಿ ಬಾರದಿದ್ದರೆ? ಪಕ್ಕದಿಂದ ಆವಿ ಸೋರುತ್ತಿದ್ದರೆ ಗ್ಯಾಸ್ಕೆಟ್ ಸಡಿಲಾಗಿದೆ, ಸ್ಟವ್ ಆರಿಸಿ ತಣಿದ ಮೇಲೆ ನೋಡಿದರಾಯಿತು. ಎಲ್ಲಿಂದಲೂ ಆವಿ ಇಲ್ಲ, ಸದ್ದೂ ಇಲ್ಲ ಎಂದರೆ ಉರಿ ಹೆಚ್ಚಿಸುವ ಮಾತೇ ಇಲ್ಲ. ಸ್ಟವ್ ಆರಿಸಿ ಆಚೆ ಬರಬೇಕು. ವೆಯ್ಟ್ ಎತ್ತಬಾರದು, ಮುಚ್ಚಳ ಮುಟ್ಟಬಾರದು, ಪೂರ್ತಿ ತಣಿಯುವ ತನಕ ಕಾಯಬೇಕು.

'ಸ್ವಲ್ಪ ಮೊದಲೇ ತೆಗೆದರೆ ಏನಾಗ್ತೈತ್ರಿ?' ಎಂದು ಇನ್ನೊಬ್ಬ ಕೇಳಿದ. ನಮ್ಮ ಊರುಗಳ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಯಲ್ಲಿ ಕುದಿಯುತ್ತದೆ, ಕುಕ್ಕರಿನೊಳಗೆ ಅದು 120ರ ಹತ್ತಿರ ಇರುತ್ತದೆ. ಮುಚ್ಚಳ ತೆರೆದ ಕ್ಷಣ ಆ ಹೆಚ್ಚಿನ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೆ ಹೋಗುತ್ತದೆ. ಒಂದು ಲೀಟರ್ ನೀರಿದ್ದರೆ ಸುಮಾರು 40 ಗ್ರಾಂ ಒಮ್ಮೆಗೇ ಆವಿಯಾಗುತ್ತದೆ. ಅಷ್ಟು ಆವಿಗೆ ಬೇಕಾದ ಜಾಗ 60 ಲೀಟರಿಗೂ ಹೆಚ್ಚು. ನಾಲ್ಕು ಕೊಡ ತುಂಬುವಷ್ಟು ಆವಿ, ಬಿಸಿ ಬೇಳೆಯನ್ನೂ ಎತ್ತಿಕೊಂಡು, ಎದುರಿಗಿರುವ ಮುಖಕ್ಕೆ ಬರುತ್ತದೆ. ಒಳಮುಚ್ಚಳದ ಕುಕ್ಕರಿನಲ್ಲಿ ಒತ್ತಡವೇ ಮುಚ್ಚಳವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊರಮುಚ್ಚಳದ್ದನ್ನು ಬಲವಾಗಿ ತಿರುಗಿಸಿದರೆ ಒತ್ತಡವಿದ್ದಾಗಲೂ ಬಿಚ್ಚಿಕೊಳ್ಳಬಹುದು. ಹಿಡಿಕೆ ಸಲೀಸಾಗಿ ತಿರುಗದಿದ್ದರೆ ಒಳಗೆ ಇನ್ನೂ ಆವಿ ಇದೆ ಎಂದೇ ತಿಳಿಯಬೇಕು.

ಎಲ್ಲರೂ ಹೊರಟ ಮೇಲೆ ಆ ಹುಡುಗಿ ಉಳಿದಳು. 'ಅವ್ವಗ ಹೆಂಗ ಹೇಳ್ಲಿರಿ? ಬೋಲ್ಟ್ ಹಾಕ್ಸಿದ್ದು ಅಪ್ಪ.' ಅದು ಭೌತಶಾಸ್ತ್ರದ ಪ್ರಶ್ನೆಯಲ್ಲ. ತಪ್ಪು ಯಾರದು ಎನ್ನುವ ಮಾತೇ ತೆಗೆಯಬೇಡ, ಮುಚ್ಚಳವನ್ನು ಬೆಳಕಿಗೆ ಹಿಡಿದು ಇಬ್ಬರಿಗೂ ಕೊಳವೆ ತೋರಿಸು ಎಂದೆ. ಅದೇ ಕಂಪನಿಯ ವಾಲ್ವನ್ನು ಹರಪನಹಳ್ಳಿಯಲ್ಲೋ ಹಡಗಲಿಯಲ್ಲೋ ಪಾತ್ರೆ ಅಂಗಡಿಯಲ್ಲಿ ಕೇಳಬಹುದು. ಬೋಲ್ಟ್ ಹಾಕಲು ತೂತನ್ನು ಕೊರೆದು ದೊಡ್ಡದು ಮಾಡಿದ್ದರೆ ಮಾತ್ರ ಹೊಸ ವಾಲ್ವ್ ಕೂರುವುದಿಲ್ಲ, ಆಗ ಮುಚ್ಚಳವನ್ನೇ ಬದಲಿಸಬೇಕು. ಕುಕ್ಕರನ್ನೇ ಹೊಸದಾಗಿ ತರುವುದಾದರೆ ಐಎಸ್‌ಐ ಗುರುತು ನೋಡಬೇಕು, 2021ರಿಂದ ಅದು ಕಡ್ಡಾಯ.

'ಅಲ್ಲೀತನಕ ಬ್ಯಾಳಿ ಹೆಂಗ ಕುದಿಸೋದ್ರಿ?' ಎಂದಳು. ರಾತ್ರಿ ನೆನೆಹಾಕಿ, ಅದೇ ಕುಕ್ಕರಿನಲ್ಲಿ ಮೇಲೊಂದು ತಟ್ಟೆ ಮುಚ್ಚಿ ಬೇಯಿಸು, ಮುಚ್ಚಳ ಮಾತ್ರ ಬೇಡ ಎಂದೆ. ಹೊತ್ತು ಎಷ್ಟು ಹಿಡಿಯುತ್ತದೆ ಎಂದು ಕೇಳಿದಳು. ಮುಕ್ಕಾಲು ಗಂಟೆ ಎಂದಾಗ ಬೆರಳು ಮಡಚಿ ಲೆಕ್ಕ ಹಾಕಿದಳು. ಶಾಲೆಗೆ ಬಸ್ಸು ಎಂಟೂವರೆಗೆ. ಆರೂವರೆಗೆ ಎದ್ದರೆ ಆಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.