ಬಿಟ್ಟಿ ಗಾಳಿಯ ಬೆಲೆ

ಹೊಗೆಯೇ ಕಾಣದ ಚಿಮಣಿ ಕಂಡರೆ ಊರಿಗೆಲ್ಲ ಸಂತೋಷ, ನನಗೆ ಅನುಮಾನ. ಚಿಮಣಿಯಿಂದ ಕಪ್ಪು ಹೊಗೆ ಎದ್ದರೆ ಅಕ್ಕಪಕ್ಕದವರು ಬಯ್ಯುತ್ತಾರೆ, ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸ್ ಬರುತ್ತದೆ, ಮಾಲೀಕರು ಬಾಯ್ಲರ್ ಮನೆಗೆ ಇಳಿದು ಬರುತ್ತಾರೆ. ಗಾಳಿ ಹೆಚ್ಚಾಯಿತು ಎಂದು ಮಾತ್ರ ಯಾರೂ ಯಾರನ್ನೂ ಬೈದದ್ದಿಲ್ಲ. ಹಾಗಾಗಿ ಬಾಯ್ಲರ್ ನೋಡಿಕೊಳ್ಳುವವರು ಡ್ಯಾಂಪರನ್ನು ಒಂದು ಹಲ್ಲು ಜಾಸ್ತಿಯೇ ತೆರೆದಿಡುತ್ತಾರೆ. ಮುಂದಿನ ಪಾಳಿಯವರು ಇನ್ನೊಂದು ಹಲ್ಲು. ಬೆಂಕಿಗೆ ಬೇಕಾದದ್ದಕ್ಕಿಂತ ಹೆಚ್ಚು ಹೋಗುವ ಈ ಗಾಳಿಯಲ್ಲಿ ಅರ್ಧದಷ್ಟು ಮನುಷ್ಯರ ಭಯವೇ ಇರುತ್ತದೆ. ಆ ಭಯ ಎಷ್ಟೆಂದು ಅಳೆಯುವುದು ನನ್ನ ಕಸುಬು. ಕಸುಬು ಎಂದು ಶುರುವಾದದ್ದು ಈಗ ಚಟವಾಗಿದೆ.

ಅಳೆಯುವ ಯಂತ್ರ ದೊಡ್ಡದೇನಲ್ಲ, ಒಂದು ಕೈಯಲ್ಲಿ ಹಿಡಿಯುವಂಥದು. ಮೊದಲು ಹೊರಗಿನ ಬಯಲಲ್ಲಿ ನಿಂತು ಆನ್ ಮಾಡಬೇಕು. ಆಕ್ಸಿಜನ್ 20.9 ಎಂದು ತೋರಿಸಿದರೆ ಅದರ ತಲೆ ನೆಟ್ಟಗಿದೆ ಎಂದರ್ಥ. ಆಮೇಲೆ ಹೊಗೆಯ ಕೊಳವೆಗೆ ಕೊರೆದ ತೂತಿನೊಳಗೆ ಉದ್ದನೆಯ ಸ್ಟೀಲ್ ಪ್ರೋಬ್ ತೂರಿಸುತ್ತೇನೆ. ಒಳಗಿನ ಪುಟ್ಟ ಪಂಪು ಹೊಗೆಯನ್ನು ಎಳೆದುಕೊಳ್ಳುತ್ತದೆ. ದಾರಿಯಲ್ಲಿ ನೀರು ಒಂದು ಡಬ್ಬಿಯಲ್ಲಿ ಇಳಿದು, ಮಸಿ ಫಿಲ್ಟರಿನಲ್ಲಿ ನಿಂತು, ಒಣ ಹೊಗೆ ಸೆನ್ಸರಿಗೆ ತಲುಪುತ್ತದೆ. ಇಪ್ಪತ್ತು, ಹದಿನೆಂಟು, ಹದಿನಾರು ಎಂದು ಅಂಕಿ ಇಳಿಯತೊಡಗುತ್ತದೆ. ಎಲ್ಲಿ ನಿಲ್ಲಬಹುದು ಎಂದು ಮನಸ್ಸಿನಲ್ಲೇ ಪಣ ಕಟ್ಟುವ ಆ ಅರ್ಧ ನಿಮಿಷದ ಸುಖವನ್ನು ನಾನು ಯಾರಿಗೂ ಬಿಟ್ಟುಕೊಡಲಾರೆ.

ಹೊಗೆಯಲ್ಲಿ ಉಳಿದ ಆಕ್ಸಿಜನ್ ಎಂದರೆ ಒಲೆಯೊಳಗೆ ಹೋಗಿಯೂ ಉರಿಯುವ ಕೆಲಸಕ್ಕೆ ಸೇರದೆ ಹೊರಬಂದದ್ದು. ಅದರಿಂದ ಗಾಳಿಯ ಲೆಕ್ಕ ಹಾಕುವುದು ಸುಲಭ. ಓದಿದ ಅಂಕಿಯನ್ನು 21ರಿಂದ ಕಳೆಯಿರಿ. ಉಳಿದದ್ದರಿಂದ ಆ ಅಂಕಿಯನ್ನೇ ಭಾಗಿಸಿ, ನೂರರಿಂದ ಗುಣಿಸಿ. ಆಕ್ಸಿಜನ್ 7 ಇದ್ದರೆ ಏಳನ್ನು ಹದಿನಾಲ್ಕರಿಂದ ಭಾಗಿಸಿದಂತಾಯಿತು, ಅಂದರೆ ಬೇಕಾದದ್ದಕ್ಕಿಂತ ನೂರಕ್ಕೆ 50ರಷ್ಟು ಹೆಚ್ಚು ಗಾಳಿ. 10.5 ಇದ್ದರೆ ಸರಿಯಾಗಿ ಎರಡರಷ್ಟು. ಅಲ್ಲಿಂದ ಮುಂದೆ ಅಂಕಿ ಒಂದೊಂದೇ ಹೆಜ್ಜೆ ಏರಿದರೂ ಗಾಳಿ ದಾಪುಗಾಲು ಹಾಕುತ್ತದೆ. 13ಕ್ಕೆ 162, 15ಕ್ಕೆ 250.

ಗಾಳಿಗೇನು ದುಡ್ಡೇ ಎಂದು ಕೇಳುವವರಿದ್ದಾರೆ. ಗಾಳಿ ಬಿಟ್ಟಿ ನಿಜ, ಅದನ್ನು ಕಾಯಿಸುವುದು ಬಿಟ್ಟಿಯಲ್ಲ. ಕಾಲು ಭಾಗ ತೇವವಿರುವ ಒಂದು ಕಿಲೋ ಸೌದೆ ಪೂರ್ತಿ ಉರಿಯಲು ಸುಮಾರು ನಾಲ್ಕೂವರೆ ಕಿಲೋ ಗಾಳಿ ಸಾಕು. ಅದರ ಮೇಲೆ ಬಂದ ಗಾಳಿಯೆಲ್ಲ ಮದುವೆಮನೆಗೆ ಕರೆಯದೆ ಬಂದವರ ಹಾಗೆ: ತಣ್ಣಗೆ ಒಳಬಂದು, ಹೊಟ್ಟೆ ತುಂಬ ಶಾಖ ಉಂಡು, ಚಿಮಣಿಯ ದಾರಿಯಲ್ಲಿ ಸದ್ದಿಲ್ಲದೆ ಎದ್ದು ಹೋಗುತ್ತದೆ. ಹಾಗೆಂದು ಲೆಕ್ಕದ ಗಾಳಿಯನ್ನಷ್ಟೇ ಕೊಟ್ಟರೂ ಆಗದು. ಸೌದೆಯಿಂದ ಎದ್ದ ಅನಿಲದ ಪ್ರತಿಯೊಂದು ಎಳೆಗೂ ತನ್ನ ಪಾಲಿನ ಆಕ್ಸಿಜನ್ ಸರಿಯಾದ ಹೊತ್ತಿಗೆ ಎದುರಾಗಬೇಕಲ್ಲ! ಆ ಎದುರಾಗುವಿಕೆ ತಪ್ಪಿದ ಕಡೆ ಕಾರ್ಬನ್ ಮೊನಾಕ್ಸೈಡ್ ಅರೆಬೆಂದು ಹೊರಬೀಳುತ್ತದೆ. ಆದ್ದರಿಂದ ಸ್ವಲ್ಪ ಹೆಚ್ಚಿಗೆ ಬೇಕೇ ಬೇಕು. ಆ ಸ್ವಲ್ಪ ಎಷ್ಟು ಎನ್ನುವುದರಲ್ಲೇ ಈ ಆಟದ ರುಚಿಯೆಲ್ಲ ಇದೆ.

ದೊಡ್ಡಬಳ್ಳಾಪುರದ ಕಡೆ ಬಟ್ಟೆಗೆ ಬಣ್ಣ ಹಾಕುವ ಒಂದು ಘಟಕದಲ್ಲಿ ಆಡಿದ ಆಟವನ್ನೇ ಹೇಳುತ್ತೇನೆ. ನೀಲಗಿರಿ ಸೌದೆಯ ಬಾಯ್ಲರು, ದಿನಕ್ಕೆ ಸುಮಾರು ಹತ್ತು ಟನ್ ನುಂಗುತ್ತಿತ್ತು. ಚಿಮಣಿಯಲ್ಲಿ ಹೊಗೆಯ ಸುಳಿವಿಲ್ಲ. ಅಟೆಂಡೆಂಟ್ ಅಣ್ಣನಿಗೆ ಅದೇ ಹೆಮ್ಮೆ. "ನೋಡಿ ಸಾರ್, ಎಷ್ಟು ಕ್ಲೀನಾಗಿ ಉರೀತಾ ಇದೆ!" ಎಂದರು. ಚಿಮಣಿಯ ಬುಡದಲ್ಲಿ ಪ್ರೋಬ್ ಹಾಕಿದೆ. ಆಕ್ಸಿಜನ್ 15ಕ್ಕೆ ಬಂದು ನಿಂತಿತು.

ಇಂಥ ಅಂಕಿಯನ್ನು ತಕ್ಷಣ ನಂಬಬಾರದು. ಬಾಯ್ಲರಿನಿಂದ ಹೊರಟ ಹೊಗೆ ಧೂಳು ಹಿಡಿಯುವ ಸೈಕ್ಲೋನ್ ದಾಟಿ, ಹೊಗೆ ಎಳೆಯುವ ಐಡಿ ಫ್ಯಾನ್ ದಾಟಿ ಚಿಮಣಿಗೆ ಬರುತ್ತದೆ. ಫ್ಯಾನಿನವರೆಗಿನ ದಾರಿಯೆಲ್ಲ ಎಳೆತದಲ್ಲಿರುವುದರಿಂದ ಎಲ್ಲಿ ಸಂದು ಸಿಕ್ಕರೂ ಹೊರಗಿನ ಗಾಳಿ ನುಗ್ಗುತ್ತದೆ. ಏಣಿ ಹಾಕಿಸಿ ಬಾಯ್ಲರಿನ ಬಾಯಲ್ಲೇ ಅಳೆದಾಗ 13 ಇತ್ತು. ನಡುವಿನ ಎರಡು ಅಂಕಿ ಸೈಕ್ಲೋನಿನ ತುಕ್ಕು ಹಿಡಿದ ಬೂದಿ ಬಾಗಿಲಿನ ಪಾಲು. ಬಾಯ್ಲರು ದಾಟಿದ ಮೇಲೆ ಸೇರಿದ ಈ ಗಾಳಿ ಸೌದೆ ತಿನ್ನುವುದಿಲ್ಲ, ಫ್ಯಾನಿನ ಕರೆಂಟು ತಿನ್ನುತ್ತದೆ ಮತ್ತು ಅಳೆಯುವವನ ದಾರಿ ತಪ್ಪಿಸುತ್ತದೆ. ಚಿಮಣಿಯ ಅಂಕಿ ನೋಡಿ ಒಲೆಯ ಡ್ಯಾಂಪರ್ ತಿರುಗಿಸುವವನು ಇಲ್ಲದ ರೋಗಕ್ಕೆ ಮದ್ದು ಕೊಟ್ಟಂತೆ.

ಬಾಯ್ಲರಿನ ಬಾಯಲ್ಲಿ ಇನ್ನೊಂದು ಸೋಜಿಗ ಕಂಡಿತು. ಇಷ್ಟೆಲ್ಲ ಗಾಳಿ ಇದ್ದೂ ಕಾರ್ಬನ್ ಮೊನಾಕ್ಸೈಡ್ 1500 ಪಿಪಿಎಂ. ಒಂದೇ ಹೊಗೆಯಲ್ಲಿ ಕೆಲಸವಿಲ್ಲದ ಆಕ್ಸಿಜನ್ನೂ ಆಕ್ಸಿಜನ್ ಸಿಗದ ಅನಿಲವೂ ಜೊತೆಜೊತೆಗೆ! ಎರಡೂ ಏರಿದ್ದರೆ ಗಾಳಿ ಕಡಿಮೆಯಾಗಿದೆ ಎಂದಲ್ಲ, ಗಾಳಿ ತಪ್ಪು ಕಡೆ ಹೋಗುತ್ತಿದೆ ಎಂದು ತಿಳಿಯಬೇಕು. ಆದರೆ ಭಯವಿದ್ದವರು ಇಲ್ಲೂ ಡ್ಯಾಂಪರನ್ನು ಇನ್ನಷ್ಟು ತೆರೆಯುತ್ತಾರೆ, ಒಲೆ ತಣ್ಣಗಾಗಿ ಮೊನಾಕ್ಸೈಡ್ ಮತ್ತಷ್ಟು ಏರುತ್ತದೆ.

ಮೊದಲು ಸಂದುಗಳನ್ನು ಹುಡುಕಿದೆವು. ಇದಕ್ಕೆ ನನ್ನ ಚೀಲದಲ್ಲಿ ಸದಾ ಒಂದು ಪೊಟ್ಟಣ ಊದುಬತ್ತಿ ಇರುತ್ತದೆ. ಹಚ್ಚಿದ ಕಡ್ಡಿಯನ್ನು ಸೌದೆ ಬಾಗಿಲಿನ ಅಂಚಿಗುಂಟ ನಿಧಾನವಾಗಿ ಒಯ್ದರೆ, ನೆಟ್ಟಗೆ ಏಳುತ್ತಿದ್ದ ಹೊಗೆಯ ಎಳೆ ಸಂದು ಬಂದ ಕಡೆ ತಟ್ಟನೆ ಬಾಗಿ ಒಳಗೆ ಎಳೆದುಕೊಂಡು ಹೋಗುತ್ತದೆ. "ಬಾಯ್ಲರಿಗೆ ಪೂಜೇನಾ ಸಾರ್?" ಎಂದು ಅಣ್ಣ ನಕ್ಕರು. ಮೂರನೆಯ ಸಂದಿಗೆ ಬರುವಷ್ಟರಲ್ಲಿ ಕಡ್ಡಿ ಅವರ ಕೈಯಲ್ಲೇ ಇತ್ತು. ಬಾಗಿಲಿನ ಹಗ್ಗದ ಪ್ಯಾಕಿಂಗ್ ಬದಲಿಸಿ, ಒಲೆಯ ಬೂದಿ ತೆಗೆಯುವ ಬಾಗಿಲನ್ನು ಬಿಗಿ ಮಾಡಿದ ಮೇಲೆ 13 ಇದ್ದದ್ದು 11.5ಕ್ಕೆ ಇಳಿಯಿತು.

ಆಮೇಲೆ ಎಳೆತದ ಸರದಿ. ಒಲೆಯೊಳಗಿನ ಎಳೆತ 12 ಮಿಲಿಮೀಟರ್ ನೀರಿನಷ್ಟು ಇತ್ತು. ಬಾಗಿಲು ತೆರೆದಾಗ ಜ್ವಾಲೆ ಮುಖಕ್ಕೆ ಬಾರದಿರಲು 3 ಇದ್ದರೆ ಸಾಕು. ಐಡಿ ಫ್ಯಾನಿನ ವೇಗವನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ಪ್ರತಿ ಸಲವೂ ಬೆಂಕಿ ಹೊಂದಿಕೊಳ್ಳಲು ಬಿಟ್ಟು, ಆಕ್ಸಿಜನ್ನನ್ನು ಹತ್ತಕ್ಕೆ ತಂದೆವು. ಇಲ್ಲಿ ಅವಸರ ಮಾಡುವಂತಿಲ್ಲ. ಬಣ್ಣದ ತೊಟ್ಟಿಗಳು ಹಬೆ ಎಳೆಯುವುದು ಏರುಪೇರಾದರೆ ಅಂಕಿಗಳೂ ಏರುಪೇರಾಗುತ್ತವೆ. ಆವಿಯ ಒತ್ತಡದ ಮುಳ್ಳು ಒಂದೇ ಕಡೆ ನಿಂತಿರುವಾಗ ಓದಿದ್ದಷ್ಟೇ ಲೆಕ್ಕಕ್ಕೆ.

ನನಗೆ ಬಲು ಇಷ್ಟವಾದ ಭಾಗ ಸೌದೆ ಹಾಕುವುದನ್ನು ನೋಡುವುದು. ಹಿಂದೆ ಆರ್ಸಾಟ್ ಉಪಕರಣದಲ್ಲಿ ಹೊಗೆಯನ್ನು ಗಾಜಿನ ಬುಡ್ಡಿಗಳಿಗೆ ಹಾಯಿಸಿ, ಪೈರೋಗ್ಯಾಲಾಲ್ ದ್ರಾವಣಕ್ಕೆ ಆಕ್ಸಿಜನ್ ಹೀರಿಸಿ, ಎಷ್ಟು ಕಡಿಮೆಯಾಯಿತೆಂದು ಓದುತ್ತಿದ್ದರು. ಒಂದು ಸಲ ಓದಿ ಮುಗಿಸುವಷ್ಟರಲ್ಲಿ ಸೌದೆಯ ಬೆಂಕಿ ತನ್ನ ಮಾತು ಬದಲಿಸಿರುತ್ತಿತ್ತು. ಈಗ ಆ ಮಾತನ್ನು ನಿಂತಲ್ಲೇ ಕೇಳಬಹುದು. ಬಾಗಿಲು ತೆರೆದ ಕೂಡಲೇ ಆಕ್ಸಿಜನ್ 16ಕ್ಕೆ ಹಾರುತ್ತದೆ. ಒಂದು ದೊಡ್ಡ ಹೊರೆ ಒಳಗೆ ಬಿದ್ದು ಬಾಗಿಲು ಮುಚ್ಚಿದರೆ, ಸೌದೆಯ ಅನಿಲ ಒಟ್ಟಿಗೆ ಎದ್ದು ಅಂಕಿ 5ಕ್ಕೆ ಕುಸಿಯುತ್ತದೆ, ಮೊನಾಕ್ಸೈಡ್ ಸಾವಿರ ದಾಟುತ್ತದೆ. ಹೊರೆ ಕೆಂಡವಾಗುತ್ತಾ ಬಂದ ಹಾಗೆ ಜಾಲರಿಯ ಒಂದು ಮೂಲೆ ಬರಿದಾಗಿ, ಗಾಳಿ ಆ ಖಾಲಿ ಜಾಗದಿಂದ ನುಸುಳಿ ಅಂಕಿ ಮತ್ತೆ ಹನ್ನೆರಡರ ಕಡೆ ಏರುತ್ತದೆ. ಯಂತ್ರವನ್ನು ಅಣ್ಣನ ಎದುರಿಗೇ ಹಿಡಿದೆ. ತಾವು ಎಸೆದ ಒಂದೊಂದು ತುಂಡಿಗೂ ಅಂಕಿ ಉತ್ತರ ಕೊಡುವುದನ್ನು ನೋಡಿ ಅವರಿಗೆ ಹುರುಪು ಬಂತು. "ಅರ್ಧರ್ಧ ಹಾಕಿ, ಎರಡು ಪಟ್ಟು ಸಲ ಹಾಕೋಣ, ಬರಿದಾದ ಮೂಲೆಗೆ ಮೊದಲು" ಎಂದು ಅವರೇ ಹೇಳಿದರು. ಡ್ಯಾಂಪರ್ ಮುಟ್ಟದೆಯೇ ಸರಾಸರಿ ಒಂಬತ್ತಕ್ಕೆ ಬಂತು, ಮೊನಾಕ್ಸೈಡ್ 600ಕ್ಕೆ ಇಳಿಯಿತು.

ಕೊನೆಗೆ ಕೆಳಗಿನಿಂದ ಗಾಳಿ ಊದುವ ಎಫ್‌ಡಿ ಫ್ಯಾನಿನ ಡ್ಯಾಂಪರ್. ಅದನ್ನು ಕೊಂಚ ಮುಚ್ಚಿ, ಜ್ವಾಲೆಯ ಮೇಲಿನಿಂದ ಬೀಸುವ ಗಾಳಿಯನ್ನು ಹಾಗೇ ಬಿಟ್ಟಾಗ ಆಕ್ಸಿಜನ್ 8, ಮೊನಾಕ್ಸೈಡ್ 400. ಇನ್ನೂ ಸ್ವಲ್ಪ ಮುಚ್ಚಿದೆ. ಆಕ್ಸಿಜನ್ ಏಳಕ್ಕೆ ಇಳಿದ ಮರುಕ್ಷಣವೇ ಮೊನಾಕ್ಸೈಡ್ 2500ಕ್ಕೆ ಜಿಗಿಯಿತು. ಬಿಳಿ ಹಳದಿಯಿದ್ದ ಜ್ವಾಲೆಯ ತುದಿ ಕೆಂಪಾಗಿ ಮಸಿ ತೋರಿತು. ಲೆಕ್ಕ ಹಾಕಿ ನೋಡಿ: ಎಂಟರಿಂದ ಏಳಕ್ಕೆ ಬಂದು ಬಿಸಿ ಹೊಗೆಯಲ್ಲಿ ಉಳಿದದ್ದು ಸೌದೆಯ ಶಾಖದಲ್ಲಿ ನೂರಕ್ಕೆ 0.6. ಅರೆಬೆಂದ ಅನಿಲದಲ್ಲಿ ಹೋದದ್ದು ಹೆಚ್ಚೂಕಡಿಮೆ 0.9. ಉಳಿಸಲು ಹೋಗಿ ಕಳೆದಂತಾಯಿತು. ಡ್ಯಾಂಪರನ್ನು ಎಂಟಕ್ಕೇ ತಿರುಗಿಸಿದೆ. ಆ ಬೆಂಕಿಯ ಅಂಚು ಅಲ್ಲಿತ್ತು.

ಹದಿಮೂರಿನಿಂದ ಎಂಟಕ್ಕೆ ಬಂದದ್ದರ ಫಲ ಏನು? ಹೊಗೆಯ ಉಷ್ಣಾಂಶ 230 ಡಿಗ್ರಿಯಿಂದ 215ಕ್ಕೆ ಇಳಿದಿತ್ತು. ಒಂದು ಕಿಲೋ ಸೌದೆಗೆ ಹನ್ನೆರಡು ಕಿಲೋ ಇದ್ದ ಒಣ ಹೊಗೆ ಏಳೂವರೆ ಕಿಲೋ ಚಿಲ್ಲರೆ ಆಗಿತ್ತು. ಅದು ಹೊತ್ತೊಯ್ಯುತ್ತಿದ್ದ ಶಾಖ ನೂರಕ್ಕೆ 16.6 ಇದ್ದದ್ದು 9.6 ಆಯಿತು. ಸೌದೆಯ ಲೆಕ್ಕದಲ್ಲಿ ಹೇಳುವುದಾದರೆ ಹತ್ತು ಟನ್ನಿಗೆ 900 ಕಿಲೋದಷ್ಟು ಉಳಿತಾಯ. ಇಷ್ಟಕ್ಕೆ ಆದ ಖರ್ಚು ಪ್ಯಾಕಿಂಗ್ ಹಗ್ಗ, ಒಂದಿಷ್ಟು ವೆಲ್ಡಿಂಗ್ ಮತ್ತು ಅರ್ಧ ಪೊಟ್ಟಣ ಊದುಬತ್ತಿ. ಸೌದೆಯೊಳಗಿನ ನೀರು ಆವಿಯಾಗಿ ಒಯ್ಯುವ ಶಾಖವನ್ನು ಮಾತ್ರ ಯಾವ ಡ್ಯಾಂಪರೂ ತಡೆಯಲಾರದು. ಅದಕ್ಕೆ ಸೌದೆಯನ್ನು ಸೂರಿನಡಿ ಒಣಗಿಸುವುದೇ ದಾರಿ.

ಹೊರಡುವಾಗ ಅಣ್ಣ ಗೋಡೆಗೆ ಎಂಟು ಎಂದು ಆಯಿಲ್ ಪೇಂಟಿನಲ್ಲಿ ಬರೆಸುತ್ತೇನೆ ಎಂದರು. ಪೇಂಟು ಬೇಡ, ಚಾಕ್‌ಪೀಸಿನಲ್ಲಿ ಬರೆಯಿರಿ ಎಂದೆ. ಮಳೆಗಾಲದಲ್ಲಿ ಸೌದೆ ನೆನೆದರೆ ಒಲೆ ತಣ್ಣಗಾಗುತ್ತದೆ, ಆಗ ಎಂಟರಲ್ಲೇ ಮೊನಾಕ್ಸೈಡ್ ತಲೆ ಎತ್ತಿ, ಒಂಬತ್ತು ಹತ್ತು ಬೇಕಾಗಬಹುದು. ತೊಟ್ಟಿಗಳು ಅರ್ಧಕ್ಕರ್ಧ ನಿಂತ ದಿನ ಬೆಂಕಿ ಚಿಕ್ಕದಾಗಿ ಅಂಕಿ ತಾನಾಗಿ ಮೇಲೇರುತ್ತದೆ. ಸೌದೆ ಬಿಟ್ಟು ಬ್ರಿಕೆಟ್ ತರಿಸಿದರಂತೂ ಆಟವನ್ನು ಮೊದಲಿನಿಂದ ಆಡಬೇಕು. ಅಣ್ಣ ತಲೆಯಾಡಿಸಿ ಚಾಕ್‌ಪೀಸಿನಲ್ಲೇ ಬರೆದರು. ಪಕ್ಕದಲ್ಲಿ ಅಂದಿನ ತಾರೀಖು ಹಾಕಿ, ಕೆಳಗೆ "ಒಣ ಸೌದೆಗೆ ಮಾತ್ರ" ಎಂದು ತಾವೇ ಸೇರಿಸಿದರು.