ಮೂರು ತಿಂಗಳ ಲೆಕ್ಕ

ಧಾರವಾಡದ ಒಂದು ಬಾಡಿಗೆಯ ಮನೆಯಲ್ಲಿ, 2024ನೆಯ ಜೂನ್ ತಿಂಗಳ ಮೊದಲ ವಾರ, ಯಜಮಾನನು ತನ್ನ ಗುಮಾಸ್ತಿಕೆಯನ್ನು ಕಳೆದುಕೊಂಡು ಬಂದನು. ಕೈಯಲ್ಲಿ ಉಳಿದಿದ್ದುದು 32,000 ರೂಪಾಯಿ. ಬಾಡಿಗೆ, ಅಡಿಗೆ, ಮಕ್ಕಳ ಖರ್ಚು ಎಲ್ಲ ಬಿಗಿಹಿಡಿದರೂ ತಿಂಗಳಿಗೆ 18,000 ಬೇಕು. ಭವಿಷ್ಯನಿಧಿಯ ಹಣಕ್ಕೆ ಅರ್ಜಿ ಹಾಕಿದರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ; ಬರುವ ದಿನ ಗೊತ್ತಿಲ್ಲದ ಹಣವನ್ನು ಆದಾಯವೆಂದು ಬರೆಯುವುದು ಲೆಕ್ಕಿಗರಿಗೆ ಒಪ್ಪುವ ಮಾತಲ್ಲವಷ್ಟೆ.

ಮೊದಲ ತಿಂಗಳಿಗೆ ಹೊಸ ಬಂಡವಾಳ ಬೇಡದ ಕೆಲಸಗಳನ್ನೇ ಆರಿಸಿದರು. ಆತನು ಒಂದು ಕಿರಾಣಿ ಅಂಗಡಿಯ ಲೆಕ್ಕ ಬರೆಯತೊಡಗಿದನು, 2,500 ರೂಪಾಯಿ. ಮನೆಯಾಕೆಯು ಹಿತ್ತಲ ಒಲೆಯ ಮೇಲೆ ಜೋಳದ ರೊಟ್ಟಿ ಬಡಿಯಲು ಕುಳಿತಳು. ಕಿಲೋ ಹಿಟ್ಟಿಗೆ 16 ತೆಳು ರೊಟ್ಟಿ, ದಿನಕ್ಕೆ ಮೂರು ಕಿಲೋ, ಒಂದು ಖಾನಾವಳಿಗೆ 7 ರೂಪಾಯಿಯಂತೆ 48 ರೊಟ್ಟಿ. ಸಂಜೆ 336 ರೂಪಾಯಿಯನ್ನು ಕಂಡು ಯಜಮಾನನ ಮುಖವು ಅರಳಿತು.

“ರೀ, ಬಂದದ್ದೆಲ್ಲಾ ನಮ್ದಲ್ಲ. ಜೋಳದ ರೊಕ್ಕ ಬ್ಯಾರೆ ಇಡ್ರಿ,” ಎಂದಳಾಕೆ.

ಜೋಳಕ್ಕೆ 150, ಬೀಸಲು 18, ಕಟ್ಟಿಗೆಗೆ 40 ಕಳೆದರೆ ಉಳಿಯುವುದು 128 ಮಾತ್ರ. ಇಪ್ಪತ್ತೈದು ದಿನಕ್ಕೆ 3,200. ಅಂದಿನಿಂದ ಎರಡು ಡಬ್ಬಿಗಳಾದುವು: ಒಂದರಲ್ಲಿ ನಾಳಿನ ಜೋಳ, ಇನ್ನೊಂದರಲ್ಲಿ ಮನೆಯ ಅನ್ನ.

ತೊಡಕು ಬಂದುದು ಉದ್ರಿಯಿಂದ. ಎರಡನೆಯ ವಾರದಿಂದ ಖಾನಾವಳಿಯವನು “ನಾಳೆ ಕೊಡ್ತೀನಿ” ಎನ್ನತೊಡಗಿದನು. ಬಾಕಿಯು 4,200ಕ್ಕೆ ಏರಿತು. ರೊಟ್ಟಿ ಎಂದಿನಷ್ಟೇ ಹೋಗುತ್ತಿತ್ತು. ಆದರೆ ಜೋಳದ ಡಬ್ಬಿ ಖಾಲಿಯಾಗಿ, ಚೀಲ ತರಲು ಕೂಡಿಟ್ಟ ಹಣಕ್ಕೆ ಕೈಹಾಕಬೇಕಾಯಿತು. ರೋಗವನ್ನು ತಿಳಿಸಿದ್ದು ಆ ಡಬ್ಬಿಯೇ. ಶನಿವಾರ ಹಣ ಬಾರದಿದ್ದರೆ ಸೋಮವಾರ ರೊಟ್ಟಿಯಿಲ್ಲವೆಂದು ಆಕೆ ಹೇಳಿ ಕಳುಹಿದಳು. ಬಾಕಿಯಲ್ಲಿ ಸಾವಿರವು ಕಡೆಗೂ ಬರಲಿಲ್ಲ.

ಜುಲೈಯಲ್ಲಿ ಎರಡನೆಯ ಅಂಗಡಿಯ ಲೆಕ್ಕವೂ ದೊರೆತು ಬರೆಹದ ಆದಾಯವು 5,000ಕ್ಕೆ ಮುಟ್ಟಿತು. ಅರ್ಧ ರೊಟ್ಟಿಯನ್ನು ಕಟಕು ಮಾಡಿ ನೆರೆಮನೆಗಳಿಗೆ ನಗದಿಗೆ ಕೊಡತೊಡಗಿದರು. ಮಳೆಗಾಲದಲ್ಲಿ ಇದು ಸುಲಭವಲ್ಲ. ಮುರಿದಾಗ ಟಪ್ಪೆಂದು ಸದ್ದಾಗದೆ ಬಾಗಿದರೆ ಒಳಗೆ ತೇವವುಂಟು. ಅದನ್ನು ಡಬ್ಬಿಗೆ ತುಂಬಿದರೆ ಕೆಲವೇ ದಿನಗಳಲ್ಲಿ ಬೂಷ್ಟು. ಅಂಥವನ್ನು ಆಕೆ ಕೆಂಡದ ಪಕ್ಕಕ್ಕೆ ಮತ್ತೆ ನಿಲ್ಲಿಸುತ್ತಿದ್ದಳು.

ಆಗಸ್ಟಿನಲ್ಲಿ ನಾಲ್ವರು ಹುಡುಗರಿಗೆ ಸಂಜೆಯ ಗಣಿತಪಾಠ, ತಲೆಗೆ 600. ಮೂರು ತಿಂಗಳ ಕೊರತೆಗಳು ಕ್ರಮವಾಗಿ 12,300, 9,800, 7,400, ಒಟ್ಟು 29,500. ಬಾರದ ಸಾವಿರವನ್ನೂ ಕಳೆದು ಪೆಟ್ಟಿಗೆಯಲ್ಲಿ 1,500 ಉಳಿಯಿತು. ನಾಲ್ಕನೆಯ ತಿಂಗಳಿಗೆ ಅದು ಸಾಲದೆಂಬುದು ಇಬ್ಬರಿಗೂ ತಿಳಿದಿತ್ತು. ಆತನು ಅಂದೇ ಮೂರನೆಯ ಅಂಗಡಿಯನ್ನು ವಿಚಾರಿಸಲು ಹೊರಟನು. ಆಕೆ ಜೋಳದ ಚೀಲವನ್ನು ಬಿಚ್ಚಿದಳು.